ಇಮೇಲಿನ ಉದ್ದ ಬಾಲ: ಫಾರ್ವರ್ಡ್ ಮಾಡುವ ಮುನ್ನ ಕತ್ತರಿ ಎಲ್ಲಿ ಹಾಕಬೇಕು?

ಬೆಂಗಳೂರಿನಲ್ಲಿ 16 ಮನೆಗಳಿರುವ, ನಾಲ್ಕು ಅಂತಸ್ತಿನ ಒಂದು ಅಪಾರ್ಟ್‌ಮೆಂಟ್ ಇದೆ ಎಂದಿಟ್ಟುಕೊಳ್ಳೋಣ. ಅದರ ಲಿಫ್ಟ್ ಪದೇ ಪದೇ ನಡುವೆ ನಿಲ್ಲುತ್ತಿದೆ. ನಿವಾಸಿಗಳ ಸಂಘದ ಕಾರ್ಯದರ್ಶಿ ಜೂನ್ 3ರಂದು ಎಲ್ಲ ಮನೆಗಳಿಗೂ ಇಮೇಲ್ ಹಾಕಿ, ಯಾರಿಗೆ ಯಾವಾಗ ಏನು ತೊಂದರೆಯಾಯಿತು ತಿಳಿಸಿ ಎಂದು ಕೇಳುತ್ತಾರೆ. ಒಂಬತ್ತು ದಿನಗಳಲ್ಲಿ 14 ಉತ್ತರ ಬರುತ್ತವೆ. ಕಾರ್ಯದರ್ಶಿ ಕಟ್ಟಕಡೆಯ ಉತ್ತರ ತೆರೆದು, ಫಾರ್ವರ್ಡ್ ಒತ್ತಿ, ಲಿಫ್ಟ್ ಕಂಪನಿಯ ವಿಳಾಸ ಹಾಕಿ, ಮೇಲೆ "ಸರ್, ಕೆಳಗಿನದನ್ನು ನೋಡಿ, ಬೇಗ ಸರಿಪಡಿಸಿ" ಎಂದು ಒಂದು ಸಾಲು ಬರೆದು ಕಳಿಸುತ್ತಾರೆ.

ಇದು ಕಲ್ಪಿತ ಉದಾಹರಣೆ. ಆದರೆ ಸಂಘ, ಕಚೇರಿ, ಶಾಲಾ ಸಮಿತಿ ಎಲ್ಲೇ ಇಮೇಲ್ ಓಡಾಡಲಿ, ಈ ತರಹದ ಸರಪಳಿ ಇದ್ದೇ ಇರುತ್ತದೆ. ಕಾರ್ಯದರ್ಶಿಯ ಆ ಒಂದು ಸಾಲಿನ ಕೆಳಗೆ ಲಿಫ್ಟ್ ಕಂಪನಿಗೆ ಏನೇನು ಹೋಯಿತು ನೋಡೋಣ.

304ರವರು ತಮ್ಮ ತಾಯಿಗೆ ಮಂಡಿ ಶಸ್ತ್ರಚಿಕಿತ್ಸೆಯಾಗಿದೆ, ಮೆಟ್ಟಿಲು ಹತ್ತಲಾಗದು ಎಂದು ಆಸ್ಪತ್ರೆಯ ಹೆಸರು, ಡಿಸ್ಚಾರ್ಜ್ ಆದ ದಿನದ ಸಮೇತ ಬರೆದಿದ್ದರು. ಅದಕ್ಕೆ 102ರವರು, "ಮೊದಲು ನಿಮ್ಮ ಐದು ತಿಂಗಳ ಮೆಂಟೆನೆನ್ಸ್ ಬಾಕಿ ಕಟ್ಟಿ" ಎಂದು ಎಲ್ಲರೆದುರು ಉತ್ತರಿಸಿದ್ದರು. ಸಿಟ್ಟಿಗೆದ್ದ 304ರವರು ಕೆಲಸ ಹೋದ ವಿಷಯವನ್ನೂ ಹೇಳಿಕೊಂಡು, ಬರೆದ ಚೆಕ್ಕಿನ ಫೋಟೊವನ್ನು ಇಮೇಲಿನೊಳಗೇ ಅಂಟಿಸಿದ್ದರು. ಅದರಲ್ಲಿ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಸಹಿ ಮೂರೂ ಸ್ಪಷ್ಟವಾಗಿ ಕಾಣುತ್ತವೆ. 302ರವರು ಜೂನ್ 10ರಿಂದ 20ರವರೆಗೆ ಕಾಶಿಗೆ ಹೋಗುತ್ತೇವೆ, ಮನೆ ಬೀಗದ ಕೈ ವಾಚ್‌ಮನ್ ಹತ್ತಿರ ಇರುತ್ತದೆ ಎಂದಿದ್ದರು. ಕಾರ್ಯದರ್ಶಿಯೇ ಒಂದು ಕಡೆ ತಾರಸಿಯ ಲಿಫ್ಟ್ ಕೋಣೆಯ ನಂಬರ್ ಬೀಗದ ಸಂಖ್ಯೆ ಬರೆದಿದ್ದರು. ಇವೆಲ್ಲಕ್ಕೂ ಕಲಶವಿಟ್ಟಂತೆ ಖಜಾಂಚಿಯ ಸಾಲು: "ಎಎಂಸಿಗೆ ಅವರು 45,000 ಕೇಳುತ್ತಾರೆ, ಹಟ ಹಿಡಿದರೆ 60,000ದವರೆಗೂ ಹೋಗೋಣ." ಯಾರ ಜತೆ ಚೌಕಾಸಿ ಮಾಡಬೇಕೋ ಅವರ ಕೈಗೇ ಈಗ ಈ ಸಾಲು ಸಿಕ್ಕಿದೆ.

ಹೋಗಬಾರದ್ದು ಹೋದದ್ದು ಅರ್ಧ ಕಥೆ. ಇನ್ನರ್ಧ, ಹೋಗಲೇಬೇಕಾಗಿದ್ದದ್ದು ಹೋಗಲಿಲ್ಲ. ಜೂನ್ 5ರ ಬೆಳಿಗ್ಗೆ ಲಿಫ್ಟ್ ನಿಂತಾಗ ಫಲಕದಲ್ಲಿ ಮೂಡಿದ ದೋಷದ ಕೋಡನ್ನು 403ರವರು ಫೋಟೊ ತೆಗೆದು ಲಗತ್ತಿಸಿದ್ದರು. ಮೆಕ್ಯಾನಿಕ್‌ಗೆ ಬೇಕಿದ್ದದ್ದು ಅದೊಂದೇ. ಫಾರ್ವರ್ಡ್ ಆದ ಇಮೇಲಿನಲ್ಲಿ ಅದೇ ಇಲ್ಲ.

ಬಾಲ ಬೆಳೆಯುವ ಬಗೆ

ಹೀಗೇಕಾಯಿತು ಎಂದು ತಿಳಿಯಲು ಇಮೇಲ್ ಉತ್ತರದ ರಚನೆ ನೋಡಬೇಕು. ನೀವು ರಿಪ್ಲೈ ಒತ್ತಿದಾಗ ನಿಮ್ಮ ಮಾತಿನ ಕೆಳಗೆ ಹಿಂದಿನವರ ಪೂರ್ತಿ ಇಮೇಲ್ ನಕಲಾಗಿ ಕೂರುತ್ತದೆ. ಅದಕ್ಕೆ ಇನ್ನೊಬ್ಬರು ಉತ್ತರಿಸಿದರೆ ನಿಮ್ಮದೂ ಹಿಂದಿನವರದೂ ಸೇರಿ ಅವರ ಕೆಳಗೆ ಇಳಿಯುತ್ತದೆ. ಹೀಗೆ ಹನುಮಂತನ ಬಾಲದ ಹಾಗೆ ಅದು ಬೆಳೆಯುತ್ತಾ ಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಕಳಿಸಿದವರ ಹೆಸರು, ಇಮೇಲ್ ವಿಳಾಸ, ದಿನಾಂಕ, ವೇಳೆ ಮತ್ತು ಸಹಿಯ ಕೆಳಗಿನ ಮೊಬೈಲ್ ಸಂಖ್ಯೆಯೂ ಜತೆಗೂಡುತ್ತವೆ.

ಓದುವಾಗ ಈ ಬಾಲ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಜಿಮೇಲ್ ಹಳೆಯ ಭಾಗವನ್ನು ಮೂರು ಚುಕ್ಕಿಗಳ ಹಿಂದೆ ಮಡಚಿಡುತ್ತದೆ. ಅದು ಓದುವವರ ಅನುಕೂಲಕ್ಕೆ ಮಾಡಿದ ಮಡಿಕೆ ಅಷ್ಟೇ, ಅಳಿಸಿದ್ದಲ್ಲ. ಫಾರ್ವರ್ಡ್ ಮಾಡಿದಾಗ ಮಡಿಕೆಯೊಳಗಿನದೂ ಹೋಗುತ್ತದೆ. ಫೋನಿನ ಚಿಕ್ಕ ಪರದೆಯಲ್ಲಿ ಬರೆಯುವವರು ಮೇಲಿನ ನಾಲ್ಕು ಸಾಲು ನೋಡಿ ಕಳಿಸುತ್ತಾರೆ. ಕೆಳಗಿನ ನಲವತ್ತು ಪುಟಕ್ಕೆ ಬೆರಳು ಇಳಿಯುವುದೇ ಇಲ್ಲ.

ಹಾಗಾದರೆ 403ರವರ ಫೋಟೊ ಎಲ್ಲಿ ಹೋಯಿತು? ಇಲ್ಲಿ ಎರಡು ಕಾರಣ ಸೇರಿವೆ. ಮೊದಲನೆಯದು, ಸರಪಳಿ ಕವಲೊಡೆಯುತ್ತದೆ. 403ರವರು ಉತ್ತರಿಸಿದ್ದು ಕಾರ್ಯದರ್ಶಿಯ ಮೊದಲ ಇಮೇಲಿಗೆ. ಉಳಿದವರು ಜಗಳದ ಕವಲಿನಲ್ಲಿ ಒಬ್ಬರಿಗೊಬ್ಬರು ಉತ್ತರಿಸುತ್ತಾ ಹೋದರು. ಕೊನೆಯ ಇಮೇಲಿನ ಬಾಲದಲ್ಲಿರುವುದು ಅದರ ಕವಲು ಮಾತ್ರ. ಜಿಮೇಲ್ ಎಲ್ಲವನ್ನೂ ಒಂದೇ ಸಂಭಾಷಣೆಯಾಗಿ ಪೇರಿಸಿ ತೋರಿಸುವುದರಿಂದ, ಕೊನೆಯದನ್ನು ಕಳಿಸಿದರೆ ಎಲ್ಲವೂ ಹೋಯಿತೆಂಬ ಭ್ರಮೆ ಹುಟ್ಟುತ್ತದೆ.

ಎರಡನೆಯದು, ಲಗತ್ತುಗಳ ನಿಯಮ. ರಿಪ್ಲೈ ಮಾಡಿದಾಗ ಹಿಂದಿನ ಇಮೇಲಿನ ಲಗತ್ತುಗಳು ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ. ಮಾತಿನ ನಡುವೆ ಅಂಟಿಸಿದ ಚಿತ್ರಗಳಾದರೆ ಸಾಮಾನ್ಯವಾಗಿ ಬಾಲದ ಜತೆಗೇ ಸಾಗುತ್ತವೆ. ಹೀಗಾಗಿ ಲಗತ್ತಾಗಿದ್ದ ದೋಷದ ಕೋಡು ಉಳಿದುಬಿಟ್ಟಿತು, ಅಂಟಿಸಿದ್ದ ಚೆಕ್ಕು ಹೊರಟುಹೋಯಿತು. ಹಾಗೆಂದು ಜಿಮೇಲಿನಲ್ಲಿರುವ Forward all ಆಯ್ಕೆ ಒತ್ತಿದ್ದರೆ ಸಮಸ್ಯೆ ಬಗೆಹರಿಯುತ್ತಿರಲಿಲ್ಲ. ಎಲ್ಲ ಕವಲುಗಳ ಜತೆಗೆ ಡಿಸ್ಚಾರ್ಜ್ ಸಾರಾಂಶ, ಖಜಾಂಚಿಯ ಬಾಕಿ ಪಟ್ಟಿ ಎಲ್ಲವೂ ಸೇರಿಕೊಳ್ಳುತ್ತಿದ್ದವು.

ತೀರಾ ಉದ್ದ ಬಾಲಕ್ಕೆ ಇನ್ನೊಂದು ತೊಡಕೂ ಇದೆ. ಇಮೇಲಿನ ಒಡಲು ಸುಮಾರು 102 ಕೆಬಿ ಮೀರಿದರೆ ಜಿಮೇಲ್ ಅದನ್ನು ನಡುವೆ ತುಂಡರಿಸಿ, ಉಳಿದದ್ದನ್ನು ನೋಡಲು ಬೇರೆ ಕೊಂಡಿ ಕೊಡುತ್ತದೆ. ಬಾಲದ ತಳದಲ್ಲಿರುವುದು ಎಲ್ಲಕ್ಕೂ ಮೊದಲು ಬರೆದ ಮೂಲ ದೂರು. ಓದಬೇಕಾದವರಿಗೆ ಅದೇ ಕಾಣದೆ ಹೋಗಬಹುದು.

ಫಾರ್ವರ್ಡ್ ಎಂಬ ಗುಂಡಿ ಒತ್ತದೆಯೂ ಇದೇ ಎಡವಟ್ಟು ಆಗುತ್ತದೆ. ನಡೆಯುತ್ತಿರುವ ಸರಪಳಿಗೆ ಹೊಸಬರೊಬ್ಬರನ್ನು Cc ಸಾಲಿನಲ್ಲಿ ಸೇರಿಸಿ, ಕಚೇರಿ ಭಾಷೆಯಲ್ಲಿ "ಲೂಪ್‌ನಲ್ಲಿ ಹಾಕಿದ್ದೇನೆ" ಎನ್ನುತ್ತೇವಲ್ಲ, ಆಗಲೂ ಹೊಸಬರ ಕೈಗೆ ಅಲ್ಲಿಯವರೆಗಿನ ಬಾಲ ಸಿಗುತ್ತದೆ. ಅವರ ಬಗ್ಗೆ ಮೂರು ದಿನದ ಹಿಂದೆ ನಾವೇನು ಬರೆದಿದ್ದೆವು ಎಂಬುದೂ ಅದರಲ್ಲಿರಬಹುದು.

ಹೊಸ ಹಾಳೆಯಲ್ಲಿ ಬರೆಯುವುದೇ ಲೇಸು

ಕತ್ತರಿ ಹಾಕುವುದೆಂದರೆ ಬೇಡದ್ದನ್ನು ಹುಡುಕಿ ಅಳಿಸುವುದು ಎಂದು ಅನೇಕರು ತಿಳಿದಿದ್ದಾರೆ. 14 ಉತ್ತರಗಳಲ್ಲಿ ಬೇಡದ್ದು ಎಲ್ಲೆಲ್ಲಿ ಅಡಗಿದೆಯೆಂದು ಹುಡುಕಲು ಹೋದರೆ ಒಂದಾದರೂ ಕೈತಪ್ಪುತ್ತದೆ. ತಿರುಗಿಸಿ ಮಾಡಿದರೆ ಸುಲಭ: ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳಿ. ಹೊಸ ಇಮೇಲ್ ತೆರೆಯಿರಿ. ಇದನ್ನು ಓದುವವರು ಏನು ಮಾಡಬೇಕು, ಅದಕ್ಕೆ ಅವರಿಗೆ ಏನು ತಿಳಿದಿರಬೇಕು ಎಂಬ ಎರಡು ಪ್ರಶ್ನೆ ಕೇಳಿಕೊಳ್ಳಿ. ಲಿಫ್ಟ್ ಕಂಪನಿ ಮೆಕ್ಯಾನಿಕ್ ಕಳಿಸಬೇಕು. ಲಿಫ್ಟ್ ಎಂದು, ಎಲ್ಲಿ, ಹೇಗೆ ನಿಂತಿತು, ಫಲಕದಲ್ಲಿ ಏನು ತೋರಿಸಿತು ಎನ್ನುವುದು ಅವರಿಗೆ ಗೊತ್ತಾಗಬೇಕು. ಯಾರ ಬಾಕಿ ಎಷ್ಟು ಎನ್ನುವುದರಿಂದ ಲಿಫ್ಟ್ ರಿಪೇರಿಯಾಗುವುದಿಲ್ಲ.

ಈ ಎರಡು ಪ್ರಶ್ನೆಯ ಜರಡಿ ಹಿಡಿದರೆ 14 ಉತ್ತರಗಳಲ್ಲಿ ಉಳಿಯುವುದು ಮೂರು. ಒಂದು 201ರವರದು. ಅವರು ಬರೆದದ್ದು ಹೀಗೆ:

"ನಿನ್ನೆ ರಾತ್ರಿ 8.40ಕ್ಕೆ, ದಿನಾ ಹೋಗುವ ಹಾಗೆ ಮಗಳನ್ನು ಟ್ಯೂಷನ್‌ನಿಂದ ಕರೆದುಕೊಂಡು ಬರುವಾಗ, ಒಂದನೇ ಮತ್ತು ಎರಡನೇ ಮಹಡಿ ನಡುವೆ ಟಕ್ ಎಂದು ಸದ್ದಾಗಿ ನಿಂತಿತು. ದೀಪ ಉರಿಯುತ್ತಿತ್ತು, ಫ್ಯಾನ್ ನಿಂತಿತ್ತು. ಸುಮಾರು 20 ನಿಮಿಷ ಒಳಗೇ ಇದ್ದೆವು."

ಒಳ್ಳೆಯ ವರದಿ, ಮೆಕ್ಯಾನಿಕ್‌ಗೆ ಉಪಯೋಗವಾಗುವಂಥದ್ದು. ಆದರೆ ಒಂದು ಮಗು ದಿನಾ ರಾತ್ರಿ ಯಾವ ಹೊತ್ತಿಗೆ ಮನೆಗೆ ಬರುತ್ತದೆ ಎನ್ನುವುದು ಅಪರಿಚಿತರಿಗೆ ಬೇಡ. ಆ ತುಂಡು ತೆಗೆದು, ತೆಗೆದ ಜಾಗದಲ್ಲಿ ಗುರುತು ಇಟ್ಟರೆ ಸಾಕು. ಇನ್ನೆರಡು ಉತ್ತರಗಳನ್ನೂ ಹೀಗೇ ಸೋಸಿದ ಮೇಲೆ ಕಂಪನಿಗೆ ಹೋಗುವ ಇಮೇಲ್ ಹೀಗಿರುತ್ತದೆ:

ವಿಷಯ: ಲಿಫ್ಟ್ ನಡುವೆ ನಿಲ್ಲುತ್ತಿದೆ, ಜೂನ್ 2ರಿಂದ 3 ಬಾರಿ

ಮಾನ್ಯರೇ,
ಮೇ 28ರ ನಿಮ್ಮ ಸರ್ವಿಸ್ ಬಳಿಕ ನಮ್ಮ ಲಿಫ್ಟ್ ಮೂರು ಬಾರಿ ಕೆಟ್ಟಿದೆ. ನಾಳೆಯೊಳಗೆ ಮೆಕ್ಯಾನಿಕ್ ಕಳಿಸಿಕೊಡಬೇಕಾಗಿ ಕೋರಿಕೆ. ಗಾಲಿಕುರ್ಚಿ ಬಳಸುವ ಹಿರಿಯರೊಬ್ಬರು ಇಲ್ಲಿರುವುದರಿಂದ ಇದು ತುರ್ತು.

1. ಜೂನ್ 2, ರಾತ್ರಿ 8.40. ನಿವಾಸಿಯೊಬ್ಬರು ಜೂನ್ 3ರಂದು ಬರೆದಂತೆ: "ನಿನ್ನೆ ರಾತ್ರಿ 8.40ಕ್ಕೆ […] ಒಂದನೇ ಮತ್ತು ಎರಡನೇ ಮಹಡಿ ನಡುವೆ ಟಕ್ ಎಂದು ಸದ್ದಾಗಿ ನಿಂತಿತು. ದೀಪ ಉರಿಯುತ್ತಿತ್ತು, ಫ್ಯಾನ್ ನಿಂತಿತ್ತು. ಸುಮಾರು 20 ನಿಮಿಷ ಒಳಗೇ ಇದ್ದೆವು."
2. ಜೂನ್ 5, ಬೆಳಿಗ್ಗೆ 7.15. ಮೂರನೇ ಮಹಡಿಯಲ್ಲಿ ನಿಂತಿತು. ಫಲಕದಲ್ಲಿ ಕಂಡ ಕೋಡಿನ ಫೋಟೊ ಲಗತ್ತಿಸಿದೆ.
3. ಜೂನ್ 9, ಮಧ್ಯಾಹ್ನ ಸುಮಾರು 2. ನೆಲಮಹಡಿಗೆ ಬಂದರೂ ಬಾಗಿಲು ತೆರೆಯಲಿಲ್ಲ.

ಮೆಕ್ಯಾನಿಕ್ ಬಂದಾಗ ಲಿಫ್ಟ್ ಕೋಣೆಯ ಬಾಗಿಲು ನಾನೇ ತೆರೆದುಕೊಡುತ್ತೇನೆ.
— ಕಾರ್ಯದರ್ಶಿ, ನಿವಾಸಿಗಳ ಸಂಘ
(ನಿವಾಸಿಗಳ ಉತ್ತರಗಳಿಂದ ಸಂಬಂಧಪಟ್ಟ ಭಾಗ ಮಾತ್ರ ಆರಿಸಿದೆ. […] ಇರುವಲ್ಲಿ ಖಾಸಗಿ ವಿವರ ಬಿಟ್ಟಿದೆ.)

ಇದರಲ್ಲಿ ಕೆಲವು ಸೂಕ್ಷ್ಮಗಳಿವೆ. ಶಸ್ತ್ರಚಿಕಿತ್ಸೆಯ ವಿಷಯ ಪೂರ್ತಿ ಮಾಯವಾಗಿಲ್ಲ. ತುರ್ತು ಏಕೆ ಎಂದು ಕಂಪನಿಗೆ ತಿಳಿಯಬೇಕಾದಷ್ಟು ಉಳಿದಿದೆ, ಆಸ್ಪತ್ರೆ, ದಿನಾಂಕ, ಮನೆ ಸಂಖ್ಯೆ ಹೋಗಿವೆ. ಅಷ್ಟನ್ನು ಬರೆಯುವ ಮುನ್ನವೂ 304ರವರನ್ನು ಒಂದು ಮಾತು ಕೇಳುವುದು ಒಳ್ಳೆಯದು. ಏಕೆಂದರೆ ಆ ಕಟ್ಟಡದಲ್ಲಿ ಗಾಲಿಕುರ್ಚಿ ಬಳಸುವವರು ಒಬ್ಬರೇ ಇದ್ದರೆ, ಹೆಸರಿಲ್ಲದಿದ್ದರೂ ಅವರಾರೆಂದು ವಾಚ್‌ಮನ್‌ನನ್ನು ಕೇಳಿದರೆ ಗೊತ್ತಾಗುತ್ತದೆ.

ಹೆಸರು ತೆಗೆದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ ಎಂಬುದನ್ನು ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ 1990ರ ದಶಕದಲ್ಲೇ ತೋರಿಸಿದ್ದರು. ಹೆಸರು ಅಳಿಸಿ ಕೊಟ್ಟಿದ್ದ ವೈದ್ಯಕೀಯ ದಾಖಲೆಗಳಲ್ಲಿ ಮ್ಯಾಸಚೂಸೆಟ್ಸ್‌ನ ಅಂದಿನ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯನ್ನು ಜನ್ಮದಿನಾಂಕ, ಲಿಂಗ ಮತ್ತು ಅಂಚೆ ಪ್ರದೇಶದ ಸಂಖ್ಯೆ ಇಟ್ಟುಕೊಂಡೇ ಅವರು ಪತ್ತೆಹಚ್ಚಿದ್ದರು. ಒಂದೊಂದು ವಿವರವೂ ಬಿಡಿಯಾಗಿ ನಿರಪಾಯ, ಮೂರು ಕೂಡಿದರೆ ಒಬ್ಬ ಮನುಷ್ಯ. ಆದ್ದರಿಂದ ಹೆಸರಿನ ಬದಲು ಮನೆ ಸಂಖ್ಯೆ ಹಾಕುವುದು ಗುರುತು ಮರೆಸಿದಂತಲ್ಲ. "ನಿವಾಸಿಯೊಬ್ಬರು" ಎಂದರೆ ಕೆಲಸ ನಡೆಯುವುದಾದರೆ ಅಷ್ಟೇ ಇರಲಿ.

ಹಳೆಯ ಇಮೇಲಿನಿಂದ ಸಾಲುಗಳನ್ನು ನಕಲಿಸಿ ತರುವಾಗ ಸಾಮಾನ್ಯ Ctrl+V ಬದಲು ಕ್ರೋಮ್‌ನಂಥ ಬ್ರೌಸರುಗಳಲ್ಲಿ Ctrl+Shift+V ಒತ್ತಿ. ಮೊದಲನೆಯದು ಅಕ್ಷರಗಳ ಜತೆ ಅವುಗಳ ಹಿಂದಿನ ಕೊಂಡಿಗಳನ್ನೂ ಎಳೆದು ತರುತ್ತದೆ. ಬರಿಯ ಹೆಸರಿನಂತೆ ಕಾಣುವುದರ ಹಿಂದೆ ಅವರ ಇಮೇಲ್ ವಿಳಾಸ ಇರಬಹುದು. ಎರಡನೆಯದು ಬರೀ ಅಕ್ಷರ ತರುತ್ತದೆ.

ಫಾರ್ವರ್ಡ್ ಮಾಡಲೇಬೇಕಾದರೆ

ಎಲ್ಲ ಸಲವೂ ಹೊಸದಾಗಿ ಬರೆಯಲು ಪುರಸೊತ್ತಿರುವುದಿಲ್ಲ. ಫಾರ್ವರ್ಡ್ ಒತ್ತಿಯೇ ಕೆಲಸ ಮುಗಿಸುವುದಾದರೆ ಕೆಳಗಿನಿಂದ ಮೇಲಕ್ಕೆ ಬನ್ನಿ. ಬಾಲದ ತುದಿಗೆ ಹೋಗಿ ಅಲ್ಲಿಂದ ಓದುತ್ತಾ, ಬೇಡದ್ದನ್ನು ಅಳಿಸುತ್ತಾ ಏರಿ. ಮೇಲಿನಿಂದ ಇಳಿಯುವವರು ಅರ್ಧ ದಾರಿಯಲ್ಲಿ ದಣಿದು ನಿಲ್ಲುತ್ತಾರೆ. ಹಳೆಯ, ಮರೆತುಹೋದ ಗುಟ್ಟುಗಳಿರುವುದು ತಳದಲ್ಲೇ.

ವಿಷಯದ ಸಾಲನ್ನೂ ನೋಡಬೇಕು. ಕಂಪ್ಯೂಟರಿನ ಜಿಮೇಲ್‌ನಲ್ಲಿ ಫಾರ್ವರ್ಡ್ ಪೆಟ್ಟಿಗೆ ತೆರೆದಾಗ ಅದು ಮರೆಯಲ್ಲಿರುತ್ತದೆ. ವಿಳಾಸದ ಪಕ್ಕದ ಬಾಣದ ಗುರುತು ಒತ್ತಿ Edit subject ಆರಿಸಿದರೆ ಕಾಣುತ್ತದೆ. ಜಗಳದ ನಡುವೆ ಯಾರೋ ವಿಷಯವನ್ನು "304ರ ಬಾಕಿ" ಎಂದು ಬದಲಿಸಿದ್ದರೆ, ಇಮೇಲ್ ತೆರೆಯುವ ಮೊದಲೇ ಅದು ಎದುರಿಗಿರುವವರ ಫೋನಿನ ಪರದೆಯ ಮೇಲೆ ಮಿನುಗುತ್ತದೆ.

ಕೊಂಡಿಗಳ ವಿಷಯ ಬೇರೆಯೇ. ಗೂಗಲ್ ಡ್ರೈವ್ ಕಡತವನ್ನು "ಕೊಂಡಿ ಇರುವ ಯಾರಾದರೂ ನೋಡಬಹುದು" ಎಂದು ಹಂಚಿದ್ದರೆ, ಆ ಕೊಂಡಿಯೇ ಕೀಲಿಕೈ. ಅದು ಬಾಲದ ಯಾವ ಮೂಲೆಯಲ್ಲಿದ್ದರೂ ಪಡೆದವರು ಕಡತ ತೆರೆಯಬಹುದು. ನಾಳೆ ನೀವು ಆ ಕಡತಕ್ಕೆ ಸೇರಿಸುವುದನ್ನೂ ನೋಡಬಹುದು. ಹಾಗೆಯೇ, ನಿಮಗೆಂದೇ ಬಂದ ಸುದ್ದಿಪತ್ರದ ಇಮೇಲನ್ನು ಇದ್ದ ಹಾಗೇ ಕಳಿಸಿದರೆ, ಅದರ ತಳದ Unsubscribe ಒತ್ತಿ ಬೇರೆಯವರು ನಿಮ್ಮ ಚಂದಾ ನಿಲ್ಲಿಸಿಬಿಡಬಹುದು.

ಲಗತ್ತುಗಳಲ್ಲಿ ಹೆಚ್ಚು ಅಪಾಯಕಾರಿಯಾದದ್ದು ಎಕ್ಸೆಲ್ ಹಾಳೆ. ಮರೆಮಾಡಿದ ಸಾಲು, ಕಾಲಂ, ಹಾಳೆಗಳು ಕಾಣುವುದಿಲ್ಲವೇ ಹೊರತು ಕಡತದೊಳಗೆ ಇದ್ದೇ ಇರುತ್ತವೆ. 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡ್‌ನ ಪೊಲೀಸ್ ಇಲಾಖೆ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರವಾಗಿ ಕೊಟ್ಟ ಎಕ್ಸೆಲ್ ಕಡತದಲ್ಲಿ ಇಂಥದೇ ಮರೆಯಾದ ಹಾಳೆಯೊಂದಿತ್ತು. ಅದರಿಂದ ಸುಮಾರು 9,500 ಅಧಿಕಾರಿ, ಸಿಬ್ಬಂದಿಯ ವಿವರ ಅಂತರ್ಜಾಲದಲ್ಲಿ ಬಯಲಾಯಿತು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಇಲಾಖೆಗೆ 7.5 ಲಕ್ಷ ಪೌಂಡ್ ದಂಡ ಹಾಕಿತು. ಆದ್ದರಿಂದ ಖಜಾಂಚಿಯ ಪಟ್ಟಿಯಿಂದ ಒಂದು ಸಾಲು ಬೇಕಿದ್ದರೆ ಆ ಸಾಲನ್ನು ಇಮೇಲಿನಲ್ಲಿ ಟೈಪ್ ಮಾಡಿ. ಕಡತ ಕಳಿಸಬೇಡಿ.

ಪಿಡಿಎಫ್‌ನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಕೆಂದು ನಂಬುವುದೂ ತಪ್ಪು. ಪಟ್ಟಿಯ ಕೆಳಗೆ ಅಕ್ಷರಗಳು ಉಳಿದಿದ್ದರೆ ನಕಲಿಸಿ ಬೇರೆಡೆ ಅಂಟಿಸಿದಾಗ ಓದಬಹುದು. 2019ರ ಜನವರಿಯಲ್ಲಿ ಅಮೆರಿಕದಲ್ಲಿ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ದಾಖಲೆಯ ಕಪ್ಪುಭಾಗವನ್ನು ಪತ್ರಕರ್ತರು ಓದಿದ್ದು ಹೀಗೆಯೇ. ಆಧಾರ್ ಪ್ರತಿ ಕೊಡಬೇಕಾದಲ್ಲಿ ನೀವೇ ಬಣ್ಣ ಬಳಿಯುವ ಬದಲು ಯುಐಡಿಎಐ ತಾಣದಿಂದ ಮೊದಲ 8 ಅಂಕಿ ಮರೆಸಿದ ಆಧಾರ್ ಇಳಿಸಿಕೊಂಡು ಬಳಸಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ.

ಎಲ್ಲ ಮುಗಿಯಿತು ಎನಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಆ ಇಮೇಲನ್ನು ಮೊದಲು ನಿಮಗೇ ಕಳಿಸಿಕೊಂಡು, ಮಡಿಕೆಯ ಮೂರು ಚುಕ್ಕಿ ಕಂಡರೆ ಅದನ್ನೂ ಬಿಡಿಸಿ, Ctrl+F ಒತ್ತಿ @ ಹುಡುಕಿ. ಇಮೇಲಿನ ಒಡಲಿನಲ್ಲಿ ಉಳಿದ ವಿಳಾಸಗಳು ಒಂದೊಂದಾಗಿ ಸಿಕ್ಕಿಬೀಳುತ್ತವೆ. ನಂತರ +91 ಹುಡುಕಿ, ಸಂಬಂಧಪಟ್ಟ ಮನೆ ಸಂಖ್ಯೆಗಳನ್ನು ಹುಡುಕಿ. ಚಿತ್ರದೊಳಗಿನ ಅಕ್ಷರಗಳು ಈ ಹುಡುಕಾಟಕ್ಕೆ ಸಿಗುವುದಿಲ್ಲ, ಅವನ್ನು ಕಣ್ಣಿನಿಂದಲೇ ನೋಡಬೇಕು.

ಇದೇ ಸಂಭಾಷಣೆ ವಾಟ್ಸ್‌ಆ್ಯಪ್‌ನಲ್ಲಿ ನಡೆದಿದ್ದರೂ ಎಚ್ಚರ ಇಷ್ಟೇ ಬೇಕು. ಅಲ್ಲಿ ಒಂದು ಸಂದೇಶ ಫಾರ್ವರ್ಡ್ ಮಾಡಿದರೆ ಬರೆದವರ ಹೆಸರು ಜತೆಗೆ ಹೋಗುವುದಿಲ್ಲ. ಆದರೆ ಹಲವು ಸಂದೇಶಗಳನ್ನು ಒಟ್ಟಿಗೆ ಆಯ್ದು ನಕಲಿಸಿದರೆ ಪ್ರತಿಯೊಂದಕ್ಕೂ ದಿನಾಂಕ, ವೇಳೆ, ಹೆಸರು ಅಂಟಿಕೊಳ್ಳುತ್ತವೆ. ಸ್ಕ್ರೀನ್‌ಶಾಟ್‌ನಲ್ಲಿ ಹೆಸರು, ಕೆಲವೊಮ್ಮೆ ನಂಬರು, ಪಕ್ಕದ ಸಂದೇಶ ಎಲ್ಲವೂ ಸೆರೆಯಾಗುತ್ತವೆ.

ಕತ್ತರಿಸುವುದು ಬೇರೆ, ತಿದ್ದುವುದು ಬೇರೆ

ಕತ್ತರಿ ಕೈಗೆ ಬಂದ ಮೇಲೆ ಅದು ಎಲ್ಲಿ ನಿಲ್ಲಬೇಕೆಂದೂ ತಿಳಿದಿರಬೇಕು. ಈ ವಿಷಯದಲ್ಲಿ ಅಂತರ್ಜಾಲದ ಹಿರಿಯರು ಹಾಕಿಕೊಟ್ಟ ನಿಯಮ ಹಳೆಯದು. ಇಂಟೆಲ್ ಕಂಪನಿಯಲ್ಲಿದ್ದ ಸ್ಯಾಲಿ ಹ್ಯಾಂಬ್ರಿಜ್ ಬರೆದು 1995ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 1855 ಎಂಬ ದಾಖಲೆ ಅಂತರ್ಜಾಲದ ನಡವಳಿಕೆಯ ಕೈಪಿಡಿ. ಬಂದ ಪತ್ರವನ್ನು ಮುಂದೆ ಕಳಿಸುವಾಗ ಅದರ ಪದಗಳನ್ನು ಬದಲಿಸಬೇಡಿ, ಬೇಕಾದ ಭಾಗವನ್ನಷ್ಟೇ ಆರಿಸಿ ಚಿಕ್ಕದಾಗಿಸಬಹುದು, ಆದರೆ ಯಾರ ಮಾತೆಂದು ತಿಳಿಸಿ, ನಿಮಗೊಬ್ಬರಿಗೇ ಬರೆದ ಖಾಸಗಿ ಪತ್ರವನ್ನು ಗುಂಪಿಗೆ ಹಾಕುವುದಾದರೆ ಮೊದಲು ಅವರ ಒಪ್ಪಿಗೆ ಕೇಳಿ ಎಂದು ಅದು ಹೇಳುತ್ತದೆ.

ಯಾರ ಮಾತೆಂದು ತಿಳಿಸಬೇಕು, ಗುರುತನ್ನೂ ಕಾಯಬೇಕು. ಇವೆರಡೂ ಒಂದಕ್ಕೊಂದು ಎದುರಾದಾಗ ಓದುವವರ ಅಗತ್ಯವೇ ಅಳತೆಗೋಲು. ಮೆಕ್ಯಾನಿಕ್‌ಗೆ ಲಿಫ್ಟಿನಲ್ಲಿ ಸಿಕ್ಕಿಬಿದ್ದವರ ಹೆಸರು ಬೇಡ, ಆದರೆ ಈ ಮಾತು ಕಾರ್ಯದರ್ಶಿಯದಲ್ಲ, ಕಣ್ಣಾರೆ ಕಂಡ ನಿವಾಸಿಯದು, ಮರುದಿನವೇ ಬರೆದದ್ದು ಎಂದು ತಿಳಿಯಬೇಕು. "ನಿವಾಸಿಯೊಬ್ಬರು ಜೂನ್ 3ರಂದು ಬರೆದಂತೆ" ಎಂಬುದು ಅಷ್ಟನ್ನೂ ಹೇಳುತ್ತದೆ.

ಉದ್ಧರಣೆಯೊಳಗೆ ಕತ್ತರಿಸುವಾಗ ಚಿಕ್ಕ ಪದಗಳೇ ಮೋಸ ಮಾಡುತ್ತವೆ. "ಸುಮಾರು 20 ನಿಮಿಷ" ಎಂಬುದರಲ್ಲಿ "ಸುಮಾರು" ಬಿಟ್ಟರೆ ಅಂದಾಜು ಹೋಗಿ ಅಳತೆಯಾಗುತ್ತದೆ. ಇನ್ನೊಬ್ಬ ನಿವಾಸಿ "ಲಿಫ್ಟ್ ಸದ್ದು ಮಾಡುತ್ತದೆ, ಆದರೆ ನಿಂತದ್ದನ್ನು ನಾನು ನೋಡಿಲ್ಲ" ಎಂದು ಬರೆದಿದ್ದರೆ, "ಆದರೆ"ಯಿಂದ ಮುಂದಿನದನ್ನು ಕತ್ತರಿಸಿ ಕಳಿಸುವುದು ಅವರ ಬಾಯಲ್ಲಿ ನಮ್ಮ ದೂರು ತುರುಕಿದಂತೆ. ಕತ್ತರಿಸಿದ್ದನ್ನು ಮೂಲ ಬರೆದವರಿಗೆ ತೋರಿಸಿದರೆ "ಹೌದು, ನಾನು ಹೇಳಿದ್ದು ಇದನ್ನೇ" ಎನ್ನುವಂತಿರಬೇಕು.

ಕತ್ತರಿಯೇ ಹಾಕಬಾರದ ಸಂದರ್ಭಗಳೂ ಇವೆ. ಬೆದರಿಕೆಯ ಇಮೇಲ್ ಬಂದಿದೆ, ಬ್ಯಾಂಕಿನ ಹೆಸರಿನಲ್ಲಿ ಮೋಸದ ಇಮೇಲ್ ಬಂದಿದೆ ಎಂದಿಟ್ಟುಕೊಳ್ಳಿ. ಪೊಲೀಸರಿಗೋ ಕಚೇರಿಯ ಭದ್ರತಾ ವಿಭಾಗಕ್ಕೋ ಬೇಕಾಗುವುದು ಅದರ ಒಂದಕ್ಷರವೂ ಬದಲಾಗದ ಮೂಲ. ಸಾಮಾನ್ಯ ಫಾರ್ವರ್ಡ್ ಮಾಡಿದರೆ ಆ ಇಮೇಲ್ ಯಾವ ಯಾವ ಸರ್ವರ್ ಹಾದು ಬಂತೆಂಬ ಹಿನ್ನೆಲೆ ದಾಖಲೆ ಉಳಿಯುವುದಿಲ್ಲ. ಜಿಮೇಲ್‌ನ Forward as attachment ಆಯ್ಕೆಯಲ್ಲಿ ಆದರೆ ಮೂಲ ಇಮೇಲ್ ಹಿನ್ನೆಲೆ ದಾಖಲೆಯ ಸಮೇತ .eml ಕಡತವಾಗಿ ಹೋಗುತ್ತದೆ. ಹಣ ಕಳೆದುಕೊಂಡಿದ್ದರೆ ಇಮೇಲ್ ಅಳಿಸದೆ ಇಟ್ಟುಕೊಂಡು 1930 ಸಹಾಯವಾಣಿಗೆ ಕೂಡಲೇ ಕರೆ ಮಾಡಬೇಕು.

ನ್ಯಾಯಾಲಯಕ್ಕೆ ಹೋಗಬಹುದಾದ ವ್ಯಾಜ್ಯದಲ್ಲೂ ಮೂಲವನ್ನು ಮುಟ್ಟಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಕತ್ತರಿಸಿದ ಪ್ರತಿ ಸಂವಹನಕ್ಕೆ, ಇಡೀ ಮೂಲ ನಿಮ್ಮ ಪೆಟ್ಟಿಗೆಯಲ್ಲಿ ಪುರಾವೆಗೆ. ಎರಡನ್ನೂ ಇಟ್ಟುಕೊಂಡರೆ ಗೊಂದಲವಿಲ್ಲ.

ಕಾನೂನು ಏನನ್ನುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಒಬ್ಬ ವ್ಯಕ್ತಿಯನ್ನು ಗುರುತಿಸಬಲ್ಲ ಯಾವುದೇ ಮಾಹಿತಿಯನ್ನು ವೈಯಕ್ತಿಕ ದತ್ತಾಂಶ ಎನ್ನುತ್ತದೆ. ವ್ಯಕ್ತಿಯೊಬ್ಬರು ತಮ್ಮ ಸ್ವಂತ ಅಥವಾ ಮನೆಯ ಕೆಲಸಕ್ಕೆ ಅದನ್ನು ಬಳಸಿದರೆ ಈ ಕಾಯ್ದೆ ಅನ್ವಯವಾಗದು. ಅಣ್ಣನ ಫೋನ್ ನಂಬರನ್ನು ತಂಗಿಗೆ ಕಳಿಸಿದರೆ ಯಾರೂ ಕೇಳುವುದಿಲ್ಲ. ಸಂಘ, ಶಾಲೆ, ಕಂಪನಿಗಳ ಹೆಸರಿನಲ್ಲಿ ಇಮೇಲ್ ಕಳಿಸುವವರು ಆ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಒಪ್ಪಿಗೆ ಪಡೆದು ಬಳಸುವಾಗಲೂ, ಹೇಳಿದ ಉದ್ದೇಶಕ್ಕೆ ಅಗತ್ಯವಿರುವಷ್ಟು ದತ್ತಾಂಶಕ್ಕೆ ಮಾತ್ರ ಆ ಒಪ್ಪಿಗೆ ಸಲ್ಲುತ್ತದೆ ಎಂಬುದು ಕಾಯ್ದೆಯ ನಿಲುವು. ಲಿಫ್ಟ್ ರಿಪೇರಿಗೆ ಚೆಕ್ಕಿನ ಫೋಟೊ ಬೇಕಿಲ್ಲ ಎಂಬ ಮೇಲಿನ ಜರಡಿಯೂ ಇದೇ.

ಕೈತಪ್ಪಿದರೆ

ಕಳಿಸಿದ ಕೂಡಲೇ ನೆನಪಾದರೆ ಜಿಮೇಲ್‌ನ Undo ಇದೆ. ಸೆಟ್ಟಿಂಗ್ಸ್‌ನಲ್ಲಿ ಇದರ ಗಡುವನ್ನು 5, 10, 20 ಅಥವಾ 30 ಸೆಕೆಂಡಿಗೆ ಇಡಬಹುದು. 30ಕ್ಕೆ ಇಟ್ಟುಕೊಳ್ಳಿ. ಔಟ್‌ಲುಕ್‌ನ ವಾಪಸ್ ಕರೆಸಿಕೊಳ್ಳುವ ಸೌಲಭ್ಯ ಒಂದೇ ಸಂಸ್ಥೆಯೊಳಗೆ ನಡೆಯುತ್ತದೆ, ಹೊರಗಿನವರ ಪೆಟ್ಟಿಗೆ ಸೇರಿದ್ದನ್ನು ತರಿಸಲಾಗದು.

ಗಡುವು ಮೀರಿದ್ದರೆ ಮೊದಲು ಹಾನಿ ತಡೆಯಿರಿ. ಲಿಫ್ಟ್ ಕೋಣೆಯ ಬೀಗದ ಸಂಖ್ಯೆ ಬದಲಿಸಿ. ಡ್ರೈವ್ ಕಡತದ ಹಂಚಿಕೆ ನಿಲ್ಲಿಸಿದರೆ ಹೋದ ಕೊಂಡಿ ಆ ಕ್ಷಣದಿಂದಲೇ ನಿರುಪಯುಕ್ತವಾಗುತ್ತದೆ. 302ರವರ ಬೀಗದ ಕೈಯನ್ನು ವಾಚ್‌ಮನ್‌ನಿಂದ ಪಡೆದು ಬೇರೆಯವರ ಬಳಿ ಇಡಿಸಿ. ಪಡೆದವರಿಗೆ ಬರೆದು, ಅಳಿಸಿ, ಮುಂದೆ ಕಳಿಸಬೇಡಿ ಎಂದು ಕೇಳಿಕೊಳ್ಳಿ, ಜತೆಗೇ ಕತ್ತರಿಸಿದ ಸರಿಯಾದ ಪ್ರತಿಯನ್ನೂ ಕೊಡಿ. ಯಾರ ವಿವರ ಹೋಯಿತೋ ಅವರಿಗೆ ಏನು, ಯಾರಿಗೆ, ಯಾವಾಗ ಹೋಯಿತೆಂದು ಅದೇ ದಿನ ತಿಳಿಸಿ. ಚೆಕ್ಕಿನ ಫೋಟೊ ಹೊರಬಿದ್ದದ್ದು ಗೊತ್ತಾದರೆ 304ರವರು ತಮ್ಮ ಬ್ಯಾಂಕಿಗೆ ಹೇಳಿ ಎಚ್ಚರ ವಹಿಸಬಹುದು. ಗೊತ್ತೇ ಆಗದಿದ್ದರೆ ಆ ಅವಕಾಶವೂ ಇಲ್ಲ.

ಸಂಘದ ಕಾರ್ಯದರ್ಶಿಗಳೇ, ಕಚೇರಿಯ ಗುಮಾಸ್ತರೇ, ಶಾಲಾ ಸಮಿತಿಯ ಸದಸ್ಯರೇ, ನಿಮ್ಮಲ್ಲಿ ಒಂದೇ ಕೋರಿಕೆ. "ಕೆಳಗಿನದನ್ನು ನೋಡಿ" ಎಂದು ಬರೆಯುವ ಅಭ್ಯಾಸ ಬಿಡಿ. ಕೆಳಗೆ ಏನಿದೆಯೋ ಅದರಲ್ಲಿ ಬೇಕಾದ್ದನ್ನು ನೀವೇ ನೋಡಿ, ಐದಾರು ಸಾಲಿನಲ್ಲಿ ಮೇಲೆ ಬರೆದು, ಉಳಿದದ್ದನ್ನು ಅಳಿಸಿ ಕಳಿಸಿ.